ಮೂರು ವರ್ಷದ ಅಡ್ವಾನ್ಸಿನ ಬಡ್ಡಿ

“ಸರ್, ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದು ಮೂರು ವರ್ಷವಾಯಿತು. ಎಡಿಸನ್‌ನಲ್ಲಿ ತಿಂಗಳಿಗೆ 1,800 ಡಾಲರ್ ಬಾಡಿಗೆ, ಸೆಕ್ಯುರಿಟಿ ಡಿಪಾಸಿಟ್ 2,700. ಅದು ಯಾವ ಬ್ಯಾಂಕಿನಲ್ಲಿದೆ ಎಂದು ಮಾಲೀಕರು ಒಂದು ದಿನವೂ ಹೇಳಿಲ್ಲ. ಅದಕ್ಕೆ ಬಡ್ಡಿ ಕೇಳಬಹುದೇ? ಕೇಳಿದರೆ ಮನೆ ಬಿಡಿಸುತ್ತಾರೆಯೇ? ಮನೆ ಬದಲಿಸುವುದಾದರೆ ಮಕ್ಕಳ ಶಾಲೆಗೆ ಯಾವ ಊರು ಒಳ್ಳೆಯದು?”

ಶಾಲೆಯ ಮಾತು ನನ್ನನ್ನು ಕೇಳಬೇಡಿ; ನನ್ನ ಮಕ್ಕಳು ಓದಿ ಮುಗಿಸಿ ಕಾಲವಾಯಿತು. ಬಡ್ಡಿಯ ಮಾತು ಮಾತ್ರ ಕೇಳಿ, ಅದರಲ್ಲಿ ನಾನು ಕೈ ಸುಟ್ಟುಕೊಂಡವನು.

ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರೂ ನಮಸ್ಕಾರ ಹೇಳಿ ಬರುವವರು ನಾವು. ಹಣಕ್ಕೆ ಬಡ್ಡಿಯಿದೆ ಎಂಬುದು ನಮಗೇನು ಗೊತ್ತಿಲ್ಲದ್ದಲ್ಲ. ಭೋಗ್ಯದ ಮನೆಯಲ್ಲಿ ಆ ಬಡ್ಡಿಯೇ ಬಾಡಿಗೆ. ಆದರೆ ಅಡ್ವಾನ್ಸಿಗೆ ಬಡ್ಡಿ ಕೇಳಲು ನಾಲಗೆ ಏಳುವುದಿಲ್ಲ.

ಇಲ್ಲಿನ ಕಾನೂನಿನ ಪ್ರಕಾರ ಡಿಪಾಸಿಟ್ ಮಾಲೀಕರ ಹಣವಲ್ಲ, ನಿಮ್ಮದು. ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ನಿಮ್ಮ 2,700 ಸರಿಯಾಗಿ ಅಷ್ಟೇ ಇದೆ. ಅದನ್ನು ಬಡ್ಡಿ ಬರುವ ಖಾತೆಯಲ್ಲಿ ಬೇರೆಯಾಗಿ ಇಡಬೇಕು. 30 ದಿನಗಳೊಳಗೆ ಬ್ಯಾಂಕಿನ ಹೆಸರು, ವಿಳಾಸ, ಖಾತೆಯ ಬಗೆ, ಬಡ್ಡಿದರ, ಮೊತ್ತ ಇಷ್ಟನ್ನೂ ಬರಹದಲ್ಲಿ ತಿಳಿಸಬೇಕು. ಬಂದ ಬಡ್ಡಿಯನ್ನು ವರ್ಷಕ್ಕೊಮ್ಮೆ ಕೈಗೆ ಕೊಡಬೇಕು, ಇಲ್ಲವೇ ಬಾಡಿಗೆಯಲ್ಲಿ ವಜಾ ಮಾಡಬೇಕು. ಹೀಗೆ ನೆಟ್ಟಗೆ ನಡೆದುಕೊಂಡ ಮಾಲೀಕರಿಂದ ನಿಮಗೆ ಸಿಗುವುದು ಬ್ಯಾಂಕ್ ಕೊಟ್ಟಷ್ಟೇ. ಉಳಿತಾಯ ಖಾತೆಯಾದರೆ ಅದು ಕಾಫಿ ಖರ್ಚಿಗೂ ಸಾಲದಿರಬಹುದು.

ನಿಮ್ಮ ಮಾಲೀಕರು ಹಾಗೆ ನಡೆದುಕೊಂಡಿಲ್ಲ. ಅಂಥ ಕಡೆ ಕಾನೂನು ಬ್ಯಾಂಕಿನ ದರವನ್ನು ಬಿಟ್ಟು ವರ್ಷಕ್ಕೆ ಶೇ. 7 ಎಂದು ಲೆಕ್ಕ ಹಾಕಲು ಬಿಡುತ್ತದೆ. 2,700ಕ್ಕೆ ವರ್ಷಕ್ಕೆ 189, ಮೂರು ವರ್ಷಕ್ಕೆ 567. ಅಸಲು ಸೇರಿ 3,267. ಇಷ್ಟನ್ನೂ ಬಾಡಿಗೆಗೆ ಜಮೆ ಮಾಡಿಕೊಳ್ಳಿ ಎಂದು ನೀವು ಬರೆದು ತಿಳಿಸಬಹುದು. ಆಗ ಮುಂದಿನ ತಿಂಗಳ 1,800 ತೀರುತ್ತದೆ, ಅದರ ಮರುತಿಂಗಳು ನೀವು ಕೈಯಿಂದ ಕೊಡಬೇಕಾದದ್ದು 333 ಮಾತ್ರ. ಆಮೇಲೆ ಅವರು ಹೊಸದಾಗಿ ಡಿಪಾಸಿಟ್ ಕೇಳುವಂತಿಲ್ಲ.

ಕ್ರಮ ತಪ್ಪಬೇಡಿ: ಮೊದಲು ಕಾಗದ, ಆಮೇಲೆ ವಜಾ. ಬಾಡಿಗೆ ನಿಲ್ಲಿಸಿ ನಂತರ ಕಾರಣ ಹೇಳಿದರೆ ಅದು ಬಾಕಿಯಾಗಿ ಕಾಣುತ್ತದೆ, ಬಾಕಿಗೆ ಕೋರ್ಟಿನ ನೋಟಿಸ್ ಬರುತ್ತದೆ. ವಾರ್ಷಿಕ ಬಡ್ಡಿಯೊಂದನ್ನೇ ಕೊಡದಿದ್ದ ಪ್ರಕರಣದಲ್ಲಿ ತಪ್ಪನ್ನು ತಿಳಿಸಿ 30 ದಿನ ಕಾಯಲೇಬೇಕು. ನಿಮಗೆ ಮೊದಲ ತಿಳಿವಳಿಕೆಯೇ ಬಂದಿಲ್ಲವಾದ್ದರಿಂದ ಆ ಕಾಯುವಿಕೆ ಕಡ್ಡಾಯವಲ್ಲ, ಆದರೂ ನಾನಾಗಿದ್ದರೆ ಕಾಯುತ್ತಿದ್ದೆ. ಸರ್ಟಿಫೈಡ್ ಅಂಚೆಯಲ್ಲಿ ಕಳುಹಿಸಿ, ರಸೀತಿಯನ್ನೂ ಕಾಗದದ ಪ್ರತಿಯನ್ನೂ ಜೋಪಾನವಾಗಿಡಿ.

ಇದೆಲ್ಲಕ್ಕೂ ಮೊದಲು ಒಂದು ಪ್ರಶ್ನೆ: ಮಾಲೀಕರು ಅದೇ ಕಟ್ಟಡದಲ್ಲಿ ವಾಸವಾಗಿದ್ದಾರೆಯೇ? ನಾನು ಎಡವಿದ್ದು ಅಲ್ಲಿಯೇ.

2006ರಲ್ಲಿ ಬಂದಾಗ ನಾವಿದ್ದದ್ದು ಮಹಡಿಯ ಮೇಲೆ, ಕೆಳಗೆ ಮಾಲೀಕರು. ವಯಸ್ಸಾದ ಗುಜರಾತಿ ದಂಪತಿ. ಆಕೆ ಭಾನುವಾರ ಬೆಳಿಗ್ಗೆ ಬಿಸಿ ಥೇಪ್ಲಾ ಕಳುಹಿಸುತ್ತಿದ್ದರು, ಹಿಮ ಬಿದ್ದ ದಿನ ನಾನು ಅವರ ಬಾಗಿಲ ಮುಂದೆಯೂ ಸಲಿಕೆ ಹಿಡಿಯುತ್ತಿದ್ದೆ. ಮಾಲೀಕರು ತಾವೇ ವಾಸವಿದ್ದು, ಬಾಡಿಗೆಗೆ ಎರಡಕ್ಕಿಂತ ಹೆಚ್ಚು ಮನೆಗಳಿಲ್ಲದ ಕಟ್ಟಡಗಳಿಗೆ ಡಿಪಾಸಿಟ್ ಕಾನೂನು ತಾನಾಗಿ ಅನ್ವಯಿಸುವುದಿಲ್ಲ. ಅದು ನನಗೂ ಅನ್ವಯಿಸಬೇಕು ಎಂದು ಬಾಡಿಗೆದಾರನೇ 30 ದಿನಗಳ ಲಿಖಿತ ಸೂಚನೆ ಕೊಡಬೇಕು. ಸಹೋದ್ಯೋಗಿಯೊಬ್ಬ ಇದನ್ನು ಎರಡನೆಯ ವರ್ಷವೇ ಹೇಳಿದ್ದ. ಕಾಗದ ಟೈಪ್ ಮಾಡಿ, ಮಡಚಿ ಲಕೋಟೆಗೆ ಹಾಕಿದೆ. ಮೆಟ್ಟಿಲಿಳಿದು ಹೋದರೆ ಆಕೆ ಚಹಾ ಕೊಟ್ಟರು. ಚಹಾ ಕುಡಿದು, ಲಕೋಟೆಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಹಿಂದಿರುಗಿದೆ.

ಐದು ವರ್ಷದ ನಂತರ ಬಿಟ್ಟಾಗ 1,650 ಡಾಲರಿನಲ್ಲಿ 1,050ಕ್ಕೆ ಚೆಕ್ ಬಂತು. ಕಾರ್ಪೆಟ್ ಎಂದರು. ನಾವು ಬರುವ ಮೊದಲೇ ಸವೆದಿದ್ದ ಕಾರ್ಪೆಟ್ ಅದು. ಕಾನೂನು ಅನ್ವಯಿಸಿದ್ದರೆ ಮನೆ ಬಿಟ್ಟ 30 ದಿನಗಳಲ್ಲಿ ಬಡ್ಡಿ ಸಮೇತ ಹಣ, ಮುರಿದುಕೊಂಡದ್ದಕ್ಕೆ ಬಾಬತ್ತುವಾರು ಪಟ್ಟಿ ಕೊಡಬೇಕಿತ್ತು. ಅನ್ಯಾಯವಾಗಿ ಹಿಡಿದದ್ದಕ್ಕೆ ಕೋರ್ಟಿನಲ್ಲಿ ಎರಡರಷ್ಟು ಸಿಗುತ್ತಿತ್ತು. ಆ ಲಕೋಟೆ ಜೇಬಿನಿಂದ ಹೊರಬರದ ಕಾರಣ ಯಾವುದನ್ನೂ ಕೇಳುವ ಹಕ್ಕು ನನಗಿರಲಿಲ್ಲ.

ಮನೆ ಬಿಡಿಸುವ ಭಯದ ಬಗ್ಗೆ: ಈ ರಾಜ್ಯದಲ್ಲಿ ಕಾನೂನು ಪಟ್ಟಿ ಮಾಡಿದ ಕಾರಣವಿಲ್ಲದೆ ಬಿಡಿಸುವಂತಿಲ್ಲ, ಬಡ್ಡಿ ಕೇಳಿದ್ದು ಆ ಪಟ್ಟಿಯಲ್ಲಿಲ್ಲ. ಆದರೆ ಮಾಲೀಕರೇ ಇರುವ ಸಣ್ಣ ಮನೆಗಳಿಗೆ ಈ ರಕ್ಷಣೆಯೂ ಇಲ್ಲ. ನಿಮ್ಮದು ಅಂಥದ್ದಾದರೆ ಗಡಿಬಿಡಿ ಬೇಡ, ನನಗೆ ಒಂದು ಫೋನ್ ಮಾಡಿ.

ಆ ದಂಪತಿಗೆ ಈಗಲೂ ದೀಪಾವಳಿಗೆ ಕರೆ ಮಾಡುತ್ತೇನೆ. ಮಕ್ಕಳ ಮಾತು, ಮೊಣಕಾಲ ನೋವಿನ ಮಾತು ಎಲ್ಲ ಬರುತ್ತದೆ. ಆ ಆರುನೂರರ ಮಾತು ಇಂದಿಗೂ ಬಂದಿಲ್ಲ.