ಡಾಲ್ಫಿನ್‌ಗೆ ಶಾರ್ಕ್‌ನ ರೂಪ ಬಂದದ್ದು ಹೇಗೆ?

ಡಾಲ್ಫಿನ್, ಶಾರ್ಕ್ ನೋಡೋಕೆ ಒಂದೇ ಥರ, ಆದ್ರೆ ಸಂಬಂಧವೇ ಇಲ್ಲ ಅಂತಾರೆ. ಅದು ಹೇಗೆ?

ಆ ಆಕಾರ ಕೊಟ್ಟಿದ್ದು ನೀರು, ವಂಶವಲ್ಲ. ವೇಗವಾಗಿ ಈಜಿ ಬೇಟೆ ಹಿಡಿಯುವ ಪ್ರಾಣಿಗೆ ನಡು ದಪ್ಪಗಿದ್ದು ತುದಿಗಳು ಸಣ್ಣಗಾದ ಮೈಯಿದ್ದರೆ ನೀರಿನ ತಡೆ ಕಡಿಮೆ. ಎರಡೂ ವಂಶಗಳಲ್ಲಿ ಅಂಥ ಮೈಯವೇ ಜಾಸ್ತಿ ಉಳಿದು ಮರಿ ಹಾಕಿದವು. ಇದನ್ನೇ ಒಮ್ಮುಖ ವಿಕಾಸ ಅನ್ನುವುದು.

ವ್ಯತ್ಯಾಸ ಬೇಕಿದ್ದರೆ ಬಾಲ ನೋಡಿ. ಶಾರ್ಕ್ ಮೀನು, ಬಾಲವನ್ನು ಎಡಬಲಕ್ಕೆ ಬೀಸುತ್ತದೆ. ಡಾಲ್ಫಿನ್ ಮೇಲೆ ಕೆಳಗೆ ಬಡಿಯುತ್ತದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದರ ಪೂರ್ವಜರು ನೆಲದ ಮೇಲೆ ಓಡಾಡುತ್ತಿದ್ದ ನಾಲ್ಕು ಕಾಲಿನ ಸಸ್ತನಿಗಳು. ನಾಯಿ ಜೋರಾಗಿ ಓಡುವಾಗ ಬೆನ್ನು ಬಗ್ಗುವುದೂ ಹೀಗೇ ಅಲ್ವಾ? ಡಾಲ್ಫಿನ್‌ನ ಈಜುರೆಕ್ಕೆಯೊಳಗೆ ಬೆರಳಿನ ಮೂಳೆಗಳು ಇಂದಿಗೂ ಇವೆ. ಶಾರ್ಕ್‌ನಲ್ಲಿ ಮೂಳೆಯೇ ಇಲ್ಲ, ಅಸ್ಥಿಪಂಜರವೆಲ್ಲ ಮೃದ್ವಸ್ಥಿ.

ಆದರೂ ‘ಸಂಬಂಧವೇ ಇಲ್ಲ’ ಅನ್ನುವುದು ಸ್ವಲ್ಪ ಅತಿಯಾಯ್ತು. ಎರಡಕ್ಕೂ ಒಂದೇ ಪೂರ್ವಜ ಇತ್ತು, 40 ಕೋಟಿ ವರ್ಷಕ್ಕೂ ಹಿಂದೆ.