ಕಂಪನಿ ದಿವಾಳಿಯಾದರೆ ಕಟ್ಟದ ಪಿಎಫ್ ಸಿಗುತ್ತಾ?

ಪ್ರಶ್ನೆ: ನಮ್ಮ ಕಂಪನಿ ದಿವಾಳಿ ಅಂತ ಕಂಪನಿ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಹೋಗಿದೆ. ಹತ್ತು ತಿಂಗಳು ಸಂಬಳದಲ್ಲಿ ಪಿಎಫ್ ಹಿಡಿದಿದ್ದಾರೆ, ಕಟ್ಟಿಲ್ಲ. ದುಡ್ಡು ಹೋದಂತೆಯೇನಾ?

ಉತ್ತರ: ಇಲ್ಲ. ದಿವಾಳಿ ಕಾನೂನಿನ 36(4)ನೇ ಸೆಕ್ಷನ್ ಪ್ರಕಾರ ಪಿಎಫ್ ಬಾಕಿ, ಸಾಲ ಕೊಟ್ಟವರು ಹಂಚಿಕೊಳ್ಳುವ ಆಸ್ತಿಗೆ ಸೇರುವುದಿಲ್ಲ. ಅಂದರೆ ಬ್ಯಾಂಕಿನವರು ಅದಕ್ಕೆ ಕೈ ಹಾಕುವಂತಿಲ್ಲ. ಬಾಕಿ ಸಂಬಳಕ್ಕೆ ಇಷ್ಟು ರಕ್ಷಣೆ ಇಲ್ಲ, ಅದು ಸರದಿಯಲ್ಲಿ ನಿಲ್ಲಬೇಕು.

ಮೊದಲು ಇಪಿಎಫ್ಒ ಪಾಸ್‌ಬುಕ್ಕನ್ನೂ ಸಂಬಳದ ಚೀಟಿಗಳನ್ನೂ ಪಕ್ಕಪಕ್ಕ ಇಡಿ. ಚೀಟಿಯಲ್ಲಿ 1,800 ಕಡಿತವಿದ್ದು ಪಾಸ್‌ಬುಕ್ಕಿನಲ್ಲಿ ಆ ತಿಂಗಳೇ ಇಲ್ಲದಿದ್ದರೆ ಅದು ಬಾಕಿ. ಮೂಲ ವೇತನ 15,000 ಆದರೆ ನಿಮ್ಮದು 1,800, ಕಂಪನಿಯದೂ 1,800. ಹತ್ತು ತಿಂಗಳಿಗೆ 36,000. ಬರೀ ನಿಮ್ಮ ಪಾಲು ಬರೆದು ಸುಮ್ನೆ ಅರ್ಧ ಬಿಟ್ಟುಕೊಡಬೇಡಿ.

ಇದನ್ನು ಫಾರ್ಮ್ ಡಿ ಯಲ್ಲಿ ಬರೆದು, ಚೀಟಿಗಳ ಜೊತೆ, ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್‌ಗೆ ಕಳಿಸಿ. ಅವರ ವಿಳಾಸ, ಕೊನೆಯ ದಿನಾಂಕ ಎರಡೂ `ibbi.gov.in`ನ ಸಾರ್ವಜನಿಕ ಪ್ರಕಟಣೆಯಲ್ಲಿರುತ್ತವೆ. ಜೊತೆಗೇ `epfigms.gov.in`ನಲ್ಲಿ ದೂರು ಕೊಡಿ. ಪಿಎಫ್ ಕಚೇರಿಯೂ ತನ್ನ ಕ್ಲೇಮ್ ಹಾಕಬೇಕು, ಎಷ್ಟೋ ಕಡೆ ತಡವಾಗುವುದು ಇಲ್ಲೇ.

ಜೆಟ್ ಏರ್‌ವೇಸ್ ವಿಷಯದಲ್ಲಿ ಪಿಎಫ್, ಗ್ರಾಚ್ಯುಟಿ ಪೂರ್ತಿ ಕೊಡಬೇಕು ಅಂತ 2022ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎನ್‌ಸಿಎಲ್‌ಎಟಿ ಹೇಳಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದರೆ ಕಂಪನಿ ಕೊಳ್ಳಲು ಬಂದವರು ಹೇಳಿದಂತೆ ಹಣ ತರಲಿಲ್ಲ, 2024ರಲ್ಲಿ ಕಂಪನಿ ಮುಚ್ಚುವ ಆದೇಶವಾಯಿತು. ಹಾಗಾಗಿ ಆದೇಶ ಬಂದ ಮೇಲೂ ಪಾಸ್‌ಬುಕ್ ನೋಡುತ್ತಿರಿ.