ಕತ್ತಿಗೂ ಹಣೆಬರಹ ಇರತ್ತಾ?

ಪ್ರಶ್ನೆ: ದಂತಕಥೆಗಳಲ್ಲಿ ಹೆಸರಿರೋ ಮಾಯಾ ಕತ್ತಿ, ಈಟಿಗಳಿಗೆ ತಮ್ಮದೇ ಸ್ವಭಾವ, ಹಣೆಬರಹ ಇರೋ ಥರ ಯಾಕೆ ಅನ್ಸತ್ತೆ?

ಬಹಳ ಸಲ ಅದು ಆಯುಧದ ಸ್ವಭಾವ ಅಲ್ಲ, ಅದು ಕೈಗೆ ಬಂದಾಗ ಅಂಟ್ಕೊಂಡ ಷರತ್ತು. ಐಸ್‌ಲ್ಯಾಂಡಿನ ಹಳೇ ಕಥೆಯಲ್ಲಿ ಬರೋ ಟಿರ್ಫಿಂಗ್ ಕತ್ತಿನೇ ನೋಡಿ. ಸ್ವಾಫರ್ಲಾಮಿ ಅನ್ನೋ ರಾಜ ಇಬ್ಬರು ಕುಳ್ಳ ಕಮ್ಮಾರರನ್ನ ಹಿಡಿದು, ಜೀವ ಬೇಕಾದ್ರೆ ಕತ್ತಿ ಮಾಡ್ಕೊಡಿ ಅಂತಾನೆ, ಅವ್ರು ಚಿನ್ನದ ಹಿಡಿ ಇರೋ, ತುಕ್ಕು ಹಿಡಿಯದ, ಕಬ್ಬಿಣನ ಬಟ್ಟೆ ಥರ ಕತ್ತರಿಸೋ ಕತ್ತಿನೇ ಕೊಡ್ತಾರೆ, ಆದ್ರೆ ಹೋಗೋವಾಗ ಶಾಪನೂ ಹಾಕಿ ಹೋಗ್ತಾರೆ: ಒರೆಯಿಂದ ತೆಗೆದಾಗೆಲ್ಲ ಒಂದು ಜೀವ ತಗೊಳ್ಳತ್ತೆ, ಮೂರು ನೀಚ ಕೆಲಸ ಮಾಡಿಸತ್ತೆ, ಕೊನೆಗೆ ನಿನ್ನನ್ನೂ ಕೊಲ್ಲತ್ತೆ. ಬಿಟ್ಟಿ ದುಡಿಸಿದ್ರೆ ಇನ್ನೇನಾಗತ್ತೆ! ಅದೇ ಕತ್ತಿಯಿಂದ ರಾಜ ಸಾಯ್ತಾನೆ.

ಮುಂದೆ ಅದು ಅವನ ವಂಶದಲ್ಲೇ ಸುತ್ತಿ ಹೈಡ್ರೆಕ್ ಅನ್ನೋನ ಕೈಗೆ ಬರತ್ತೆ. ಅಣ್ಣನ ಜೊತೆ ನಡ್ಕೊಂಡು ಹೋಗ್ತಾ, ಹೇಗಿದೆ ನೋಡೋಣ ಅಂತ ಸುಮ್ನೆ ಒರೆಯಿಂದ ಎಳೀತಾನೆ, ಅಷ್ಟೇ, ಎದುರಿಗಿದ್ದ ಅಣ್ಣನೇ ಬಲಿ. ಕೊಂದಿದ್ದು ತಮ್ಮನಾ ಕತ್ತಿನಾ ಅಂತ ಕಥೆ ಬೇಕಂತಲೇ ಗೊಂದಲದಲ್ಲಿ ಇಡತ್ತೆ, ಕತ್ತಿಗೆ ಜೀವ ಇದೆ ಅನ್ಸೋದು ಇಲ್ಲೇ.

ನಮ್ಮ ಕರ್ಣನ ಶಕ್ತ್ಯಾಯುಧಕ್ಕೂ ಇದೇ ಲೆಕ್ಕ. ಕವಚ ಕುಂಡಲ ಕೊಟ್ಟಿದ್ದಕ್ಕೆ ಇಂದ್ರ ಕೊಟ್ಟಿದ್ದು, ಒಂದೇ ಸಲ ಎಸೆಯಬಹುದು, ಆಮೇಲೆ ವಾಪಸ್ ಇಂದ್ರನ ಹತ್ರ. ಅರ್ಜುನನಿಗೆ ಅಂತ ಇಟ್ಕೊಂಡಿದ್ದು ರಾತ್ರಿ ಯುದ್ಧದಲ್ಲಿ ಘಟೋತ್ಕಚನ ಮೇಲೆ ಖರ್ಚಾಗೋಯ್ತು, ಕೃಷ್ಣ ಖುಷಿಯಿಂದ ಕುಣಿದಾಡಿದ್ದು ಅದಕ್ಕೇ.